ಎರಡು ನಲವತ್ತರ ಮೆಸೇಜು

ಕಮಲಾಕ್ಷಿಗೆ ಬೆಳಗಾಗುತ್ತಿದ್ದುದು ಫೋನು ಗುಂಯ್‌ಗುಟ್ಟಿದಾಗ. ಮದ್ದೂರಿನಾಚೆ ಹೆದ್ದಾರಿ ಪಕ್ಕದ ಗಾರ್ಮೆಂಟ್ಸಿನಲ್ಲಿ ಅವಳು ಹಾಜರಿ ನೋಡಿಕೊಳ್ಳುವವಳು. ಹನ್ನೊಂದು ವರ್ಷ ಮಿಷನ್ ತುಳಿದು, ಸೊಂಟ ಕೈಕೊಟ್ಟ ಮೇಲೆ, ಪಿಯುಸಿ ಪಾಸಾಗಿದ್ದಾಳೆ ಅನ್ನುವ ಒಂದೇ ಪುಣ್ಯಕ್ಕೆ ಆಫೀಸಿನ ಕುರ್ಚಿ ಸಿಕ್ಕಿತ್ತು. ಆರುನೂರು ಚಿಲ್ಲರೆ ಹೆಂಗಸರು. ಯಾರಿಗೇ ರಜಾ ಬೇಕಾದರೂ ಅವಳ ಕೈಲಿರುವ ಕಂಪನಿ ಫೋನಿಗೆ ಮೆಸೇಜು ಹಾಕಬೇಕು. ಬಾಯಲ್ಲಿ ಮಾತಾಡಿ ಕಳಿಸಿದ್ದು ನಡೆಯುವುದಿಲ್ಲ, ಟೈಪು ಮಾಡಿರಬೇಕು, ಅದನ್ನು ನೋಡಿಕೊಂಡು ಅವಳು ರಿಜಿಸ್ಟರಿಗೆ ಇಳಿಸಬೇಕು. ಹಾಗಂತ ನಿಯಮ.

ಕನ್ನಡ ಓದಿದ ಹೆಂಗಸರೇ ಎಲ್ಲ. ಆದರೆ ಫೋನಿನಲ್ಲಿ ಕನ್ನಡ ಅಕ್ಷರ ಹುಡುಕಿ, ಒತ್ತು ಹುಡುಕಿ, ದೀರ್ಘ ಹುಡುಕಿ ಕೂರುವಷ್ಟು ಪುರುಸೊತ್ತು ಯಾರಿಗಿದೆ? ಒಲೆ ಮೇಲೆ ಅನ್ನ, ಬಾಗಿಲಲ್ಲಿ ಕಂಪನಿ ಬಸ್ಸು. ಎಲ್ಲರದೂ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ. ಅದೂ ಒಬ್ಬೊಬ್ಬರದು ಒಂದೊಂದು ತರ. ಒಬ್ಬಳು ‘jwara’ ಅಂದರೆ ಇನ್ನೊಬ್ಬಳು ‘jara’. ಬಾಯಲ್ಲಿ ಹಕಾರ ಬಾರದವಳಿಗೆ ಬೆರಳಲ್ಲೂ ಬಾರದು, ‘ogtini akka’ ಅಂತಲೇ ಬರೆಯುತ್ತಾಳೆ. ಕೆಲವರು ಕಂಡಕಂಡಲ್ಲಿ ‘h’ ತುರುಕುತ್ತಾರೆ, ಕೆಲವರು ಸ್ವರಗಳನ್ನೇ ನುಂಗಿಬಿಡುತ್ತಾರೆ. ಇದರ ಮೇಲೆ ಫೋನಿನ ಅಧಿಕಪ್ರಸಂಗ ಬೇರೆ. ಅದಕ್ಕೆ ಕನ್ನಡ ಗೊತ್ತಿಲ್ಲ, ಗೊತ್ತಿಲ್ಲ ಅಂತ ಸುಮ್ಮನಿರಲೂ ಗೊತ್ತಿಲ್ಲ. ‘kelsa’ ಅಂತ ಹೊಡೆದರೆ ತಿದ್ದಿ ‘Kelsey’ ಅಂತ ಯಾವಳೋ ದೊರೆಸಾನಿಯ ಹೆಸರು ಮಾಡಿಡುತ್ತದೆ. ದಾರ ಕತ್ತರಿಸುವ ಪುಟ್ಟತಾಯಮ್ಮನ ಫೋನಿನ ಗಾಜು ಸರಿಯಾಗಿ ‘p’ ಮೇಲೇ ಒಡೆದಿತ್ತು. ಆ ಮಹಾತಾಯಿ ಎರಡು ವರ್ಷದಿಂದ ತನ್ನ ಹೆಸರನ್ನು ‘uttatayamma’ ಅಂತಲೇ ಕಳಿಸುತ್ತಿದ್ದಳು.

ಹೆಸರು ಹಾಕುವವಳಾದರೂ ಅವಳೊಬ್ಬಳೇ. ಉಳಿದವರಿಗೆ ಹೆಸರು ಬರೆಯಬೇಕು ಅನ್ನುವುದೇ ಹೊಳೆಯುವುದಿಲ್ಲ. ಒಂದು ದಿನ ಗಂಡನ ಫೋನು, ಒಂದು ದಿನ ಓರಗಿತ್ತಿಯದು, ಇನ್ನೊಂದು ದಿನ ಹೊಸ ಸಿಮ್ಮು. ಮೊದಲ ವರ್ಷ ಕಮಲಾಕ್ಷಿ ಪ್ರತಿಯೊಂದಕ್ಕೂ ‘ಯಾರವ್ವಾ ನೀನು’ ಅಂತ ಕೇಳಿ ಕೇಳಿ ಸಾಕಾದಳು. ಆಮೇಲೆ ಕೇಳುವ ಅಗತ್ಯವೇ ಬೀಳಲಿಲ್ಲ. ಫೋನು ಬದಲಾದರೆ ತಪ್ಪುಗಳು ಬದಲಾಗುತ್ತವೆ, ಬೆರಳಿನ ರೂಢಿ ಬದಲಾಗುವುದಿಲ್ಲ ಅನ್ನುವುದು ಅವಳಿಗೆ ತಾನಾಗಿಯೇ ತಿಳಿದುಹೋಯಿತು. ಚುಕ್ಕಿ ಇಡುವ ರೀತಿ, ಜಾಗ ಬಿಡುವ ರೀತಿ, ‘ಅಕ್ಕ’ ಅನ್ನುವುದು ಮೊದಲು ಬಂತೋ ಕೊನೆಗೆ ಬಂತೋ, ಅಷ್ಟು ಸಾಕಿತ್ತು.

ಈ ವಿದ್ಯೆ ಬಂದ ಮೇಲೆ ಸುಮ್ಮನಿರಬೇಕಲ್ಲ? ಅದೇ ಆಗಲಿಲ್ಲ. ಊಟದ ಹೊತ್ತಿನಲ್ಲಿ ಹೆಂಗಸರು ಸುತ್ತ ಕೂತು, ನಂಬರು ಮುಚ್ಚಿ ಫೋನು ಮುಂದೆ ಹಿಡಿಯುವರು. ಕಮಲಾಕ್ಷಿ ಮುದ್ದೆ ಮುರಿಯುತ್ತಲೇ ಹೇಳುವಳು. “ಇದು ಕೊಪ್ಪದ ಜಯಶೀಲಂದು. ಗಂಡನ ಫೋನು. ಬೆಳಿಗ್ಗೆ ಜಗಳ ಆಡವ್ಳೆ, ‘ಅಕ್ಕ’ ಅಂತ ಬರ್ದೇ ಇಲ್ಲ ನೋಡು.” ಎಲ್ಲರೂ ಗೊಳ್ಳೆಂದು ನಗುವರು. ಜಯಶೀಲ ನಾಚಿಕೊಂಡು ಸೆರಗು ಬಾಯಿಗಿಡುವಳು. ಆಯುಧಪೂಜೆ ದಿನ ಮ್ಯಾನೇಜರು, ಫ್ಲೋರಿನವರು, ಎಲ್ಲರೆದುರೂ ಹತ್ತಕ್ಕೆ ಹತ್ತು ಹೇಳಿ ಒಂದು ಸ್ಟೀಲ್ ಡಬ್ಬಿ ಬಹುಮಾನ ಗಿಟ್ಟಿಸಿದ್ದಳು. ಮೆರೆದಳು ಅಂತಲೇ ಅನ್ನಬೇಕು. ಯಾವ ಮೆಸೇಜು ಬಂದರೂ ಮೊದಲು ಯಾರದು ಅಂತ ನೋಡುವುದು, ಆಮೇಲೆ ಏನು ತಮಾಷೆ ಇದೆ ಅಂತ ನೋಡುವುದು, ವಿಷಯ ಏನು ಅಂತ ಕಟ್ಟಕಡೆಗೆ. ಅದೊಂದು ಚಾಳಿಯೇ ಆಗಿಹೋಗಿತ್ತು.

ಆ ಗುರುವಾರ ಮ್ಯಾನೇಜರ್ ಸುದರ್ಶನ ಅವಳನ್ನು ಒಳಗೆ ಕರೆಸಿದ. ಒಳ್ಳೆ ಮಾತಿನ ಮನುಷ್ಯ, ಗದರಿದ್ದು ಯಾರೂ ಕಂಡಿಲ್ಲ. ಕುರ್ಚಿ ತೋರಿಸಿದ, ಚಹಾ ತರಿಸಿದ.

“ಕಮಲಾಕ್ಷಮ್ಮ, ನಿಮ್ಗೊಂದು ಪರೀಕ್ಷೆ,” ಅಂದ, ನಗುನಗುತ್ತಾ. “ಇದ್ರಲ್ಲಿ ನಂಬರೂ ಇಲ್ಲ, ಹೆಸರೂ ಇಲ್ಲ. ಯಾರದು ಹೇಳಿ ನೋಡೋಣ.”

ಪ್ರಿಂಟು ಹಾಕಿದ ಒಂದು ಹಾಳೆ. ಅರ್ಧ ಪುಟದಷ್ಟು ಇಂಗ್ಲಿಷ್ ಅಕ್ಷರದ ಕನ್ನಡ. ಯಾರೋ ರಜಾಕ್ಕೆ ರಾಮಾಯಣ ಬರೆದಿದ್ದಾರೆ ಅಂದುಕೊಂಡಳು. ಕಣ್ಣು ಹಾಯಿಸಿದ್ದೇ ತಡ, ಪ್ರತಿ ವಾಕ್ಯದ ಕೊನೆಗೆ ಎರಡೆರಡು ಚುಕ್ಕಿ, ಚುಕ್ಕಿಯಾದ ಮೇಲೆ ಜಾಗವೇ ಇಲ್ಲ, ಎರಡನೇ ಸಾಲಿನಲ್ಲಿ ಆ ‘Kelsey’ ದೊರೆಸಾನಿ, ‘ಮತ್ತೆ’ ಅನ್ನುವ ಕಡೆಯೆಲ್ಲ ಒಂಟಿ ‘n’. ಬಾಯಿ ತಡೆಯಲಿಲ್ಲ.

“ಅಯ್ಯೋ, ಇದು ನಮ್ ಯಶೋದಂದು ಅಲ್ವಾ ಸಾರ್! ಕಾಲರ್ ಸೆಕ್ಷನ್ನು. ಇದಕ್ಯಾಕೆ ಪರೀಕ್ಷೆ, ಕಣ್ಮುಚ್ಕೊಂಡು ಹೇಳ್ಬೋದು.”

ಸುದರ್ಶನ ಡೈರಿ ತೆಗೆದು ಹೆಸರು ಬರೆದುಕೊಂಡ. ಬರೆದ ಮೇಲೆ ಅಡಿಗೆರೆ ಎಳೆದ. ಆ ಗೆರೆ ಕಂಡು ಕಮಲಾಕ್ಷಿ ಚಹಾದ ಲೋಟ ಕೆಳಗಿಟ್ಟಳು. ಆಗ ಹಾಳೆಯನ್ನು ಓದಿದಳು, ಮೊದಲ ಸಲ ಓದುವಂತೆ ಓದಿದಳು.

ರಜಾ ಅರ್ಜಿಯಲ್ಲ ಅದು. ಬಟ್ಟೆ ಕೊಳ್ಳುವ ಹೊರದೇಶದ ಕಂಪನಿ ಒಂದು ದೂರಿನ ನಂಬರು ಇಟ್ಟಿತ್ತು, ಗೋಡೆಯ ಮೇಲೆ ಚೀಟಿ ಅಂಟಿಸಿತ್ತು. ಅದಕ್ಕೆ ಹೋದ ದೂರು. ಎರಡು ವಾರದ ಹಿಂದೆ ಕೋಮಲ ಅನ್ನುವ ಹುಡುಗಿ, ಐದು ತಿಂಗಳ ಬಸುರಿ, ಮಧ್ಯಾಹ್ನದಿಂದ ಹೊಟ್ಟೆನೋವು ಅಂತ ಮೂರು ಸಲ ಎದ್ದು ನಿಂತಳು. ಮೂರು ಸಲವೂ ಫ್ಲೋರ್ ಇನ್‌ಚಾರ್ಜ್ ವೆಂಕಟಾಚಲ ಕೂರಿಸಿದ, ಅವತ್ತೇ ಲಾರಿ ಹೊರಡಬೇಕಿತ್ತು. ಮೂರೂ ಇಪ್ಪತ್ತಕ್ಕೆ ಅವಳು ಮಿಷನ್ ಮೇಲೇ ಬಿದ್ದಳು. ಮಂಡ್ಯದ ಆಸ್ಪತ್ರೆಯಲ್ಲಿ ಮಗು ಹೋಯಿತು. ತನಗೆ ಯಾರೂ ಹೇಳಲೇ ಇಲ್ಲ, ಗೊತ್ತಿದ್ದರೆ ತಾನೇ ಗಾಡಿ ಮಾಡಿ ಕಳಿಸುತ್ತಿದ್ದೆ ಅಂತ ವೆಂಕಟಾಚಲ ಬರೆದುಕೊಟ್ಟಿದ್ದ. ಇಷ್ಟೂ ಕಮಲಾಕ್ಷಿಗೆ ಗೊತ್ತಿದ್ದದ್ದೇ. ಕೊನೆಯ ಸಾಲು ಮಾತ್ರ ಅವಳು ಎದುರುನೋಡಿರಲಿಲ್ಲ. ‘Komala officege msg madidlu..kamalakshi akka adanna odi nakku ellarigu torsidru..yaru baralilla..’

ಕೋಮಲ ಆಫೀಸಿಗೆ ಮೆಸೇಜು ಮಾಡಿದಳು, ಕಮಲಾಕ್ಷಿ ಅಕ್ಕ ಅದನ್ನು ಓದಿ ನಕ್ಕು ಎಲ್ಲರಿಗೂ ತೋರಿಸಿದರು, ಯಾರೂ ಬರಲಿಲ್ಲ.

“ನಿಮ್ ಮೇಲೂ ಬರ್ದಿದಾಳೆ ನೋಡಿ,” ಅಂದ ಸುದರ್ಶನ, ಮರುಕದಿಂದಲೇ. “ಇಂಥವ್ರಿಗೆ ನೀವು ಎಷ್ಟು ಮಾಡಿದ್ರೂ ಅಷ್ಟೇ. ನಾಳೆ ಹೆಡ್ ಆಫೀಸಿಂದ ಪದ್ಮಜಾ ಮೇಡಂ ಬರ್ತಾರೆ. ಇದು ಯಶೋದ ಬರ್ದಿರೋದು, ನಾನು ಗುರುತು ಹಿಡೀತೀನಿ ಅಂತ ನೀವೊಂದು ಸೈನ್ ಹಾಕಿದ್ರೆ ಸಾಕು. ನಾವೇನು ಕೆಲಸದಿಂದ ತೆಗೆಯಲ್ಲಪ್ಪ. ರಾಮನಗರದಾಚೆ ಯೂನಿಟ್ಟಿಗೆ ಹಾಕ್ತೀವಿ, ಅಷ್ಟೇ.”

ಅಷ್ಟೇ! ಆ ಯೂನಿಟ್ಟಿಗೆ ಕಂಪನಿ ಬಸ್ಸಿಲ್ಲ. ಅಲ್ಲಿಗೆ ಹಾಕಿದವರು ಒಂದು ತಿಂಗಳಲ್ಲಿ ತಾವೇ ಬಿಟ್ಟು ಹೋಗುತ್ತಾರೆ, ತೆಗೆದರು ಅಂತ ಯಾರೂ ಅನ್ನುವಂತಿಲ್ಲ. ಯಶೋದೆಗೆ ಬೆಸಗರಹಳ್ಳಿಯಲ್ಲಿ ಲಕವಾ ಹೊಡೆದ ತಾಯಿ, ಮೂರನೇ ಕ್ಲಾಸಿನ ಮಗಳು, ಗಂಡ ಇಲ್ಲ. ಮುಂಜಾನೆ ತಾಯಿಯ ಮೈ ಒರೆಸಿ, ಮಗಳಿಗೆ ಜಡೆ ಹಾಕಿ ಬಸ್ಸು ಹತ್ತುವವಳು. ಅವಳ ಬದುಕು ನಿಂತಿದ್ದೇ ಆ ಬಸ್ಸಿನ ಮೇಲೆ ಅಂದರೂ ತಪ್ಪಲ್ಲ. ದೂರಿನ ನಂಬರಿನವರು ನಿಯತ್ತಾಗಿ ಅವಳ ಹೆಸರು ಮುಚ್ಚಿಟ್ಟರು, ಫೋನ್ ನಂಬರು ಮುಚ್ಚಿಟ್ಟರು. ಬರಹವನ್ನು ಮಾತ್ರ ಇದ್ದದ್ದು ಇದ್ದಹಾಗೆ, ಚುಕ್ಕಿ ಸಮೇತ ಕಳಿಸಿಬಿಟ್ಟರು. ಅದರಲ್ಲೇ ಹೆಸರಿದೆ ಅಂತ ಅವರಿಗೇನು ಗೊತ್ತು? ಗೊತ್ತಿದ್ದದ್ದು ಲೋಕದಲ್ಲಿ ಒಬ್ಬಳಿಗೇ, ಆ ಒಬ್ಬಳು ಚಹಾ ಕುಡಿಯುತ್ತಾ ಹೇಳಿಬಿಟ್ಟಿದ್ದಳು.

ಊಟದ ಬೆಲ್ಲು ಹೊಡೆದಾಗ ಕಮಲಾಕ್ಷಿ ಡಬ್ಬಿ ಮುಟ್ಟಲಿಲ್ಲ. ಯಶೋದೆಯನ್ನು ಕೈಹಿಡಿದು ಬಟ್ಟೆಯ ಥಾನುಗಳನ್ನು ಪೇರಿಸಿದ ಗೋಡೌನಿನ ಮೂಲೆಗೆ ಎಳೆದುಕೊಂಡು ಹೋದಳು. ಹಿಂದಿಂದ ಪುಟ್ಟತಾಯಮ್ಮ ಕೂಗಿ ಹೇಳಿದಳು, “ಏನವ್ವಾ ಕಮಲಾಕ್ಷಿ, ಇವತ್ತು ಆಟ ಇಲ್ವಾ? ನನ್ ಮೊಮ್ಮಗ ಬೇರೆ ಫೋನ್ ಕೊಡ್ಸವ್ನೆ, ಈಗ ಕಂಡುಹಿಡಿ ನೋಡವಾ!” ಕಮಲಾಕ್ಷಿ ತಿರುಗಿ ನೋಡಲಿಲ್ಲ.

ಎಲ್ಲವನ್ನೂ ಹೇಳಿದಳು. ಒಂದನ್ನೂ ಬಿಡಲಿಲ್ಲ, ಚಹಾ ಕುಡಿದದ್ದನ್ನೂ. ಯಶೋದೆ ಕೇಳುತ್ತಾ ಕೇಳುತ್ತಾ ಥಾನಿನ ಮೇಲೆ ಕುಸಿದು ಕೂತಳು.

“ನಿನ್ ಬಾಯಿಗಿಷ್ಟು ಮಣ್ಣಾಕ,” ಅಂದಳು. ಬೈದಂತೆ ಇರಲಿಲ್ಲ, ಆಸರೆ ತಪ್ಪಿದವರ ದನಿಯಲ್ಲಿ ಅಂದಳು. “ನಮ್ಮವ್ವನ್ನ ಯಾರು ನೋಡ್ಕತಾರೆ ಈಗ? ಹೇಳು. ನೀನ್ ಬಂದು ಮೈ ಒರಸ್ತೀಯಾ?”

“ತಪ್ಪಾಯ್ತು ಕಣೆ. ಓದಿದ್ರೆ ಹೇಳ್ತಿರ್ಲಿಲ್ಲ. ದೇವ್ರಾಣೆ, ಓದಿದ್ರೆ ಹೇಳ್ತಿರ್ಲಿಲ್ಲ.”

“ಅದೇ ಅಲ್ವಾ ಅಕ್ಕಾ ನಾನು ಬರ್ದಿರೋದು? ನೀನು ನಗೋದಕ್ಕೆ ಓದ್ತೀಯ, ವಿಷಯಕ್ಕೆ ಓದಲ್ಲ. ಕೋಮಲ ಬರ್ದಿದ್ದನ್ನ ಅವತ್ತು ಓದಿದ್ಯಾ? ಪಕ್ಕದ್ ಮಿಷನ್ನಲ್ಲಿ ನಾನೇ ಇದ್ದೆ. ಅವ್ನು ಕುಂಡ್ರಿಸಿದ ಮೇಲೆ, ಫೋನ್ ತೆಗದ್ರೆ ಕಿತ್ಕೋತಾನೆ ಅಂತ, ಕಾಲರ್ ಪೀಸ್ ಕೆಳಗೆ ಬಚ್ಚಿಟ್ಕೊಂಡು ಒಂದೇ ಕೈಲಿ ಒತ್ತಿದ್ಲು. ಇನ್ನೊಂದು ಕೈ ಹೊಟ್ಟೆ ಮೇಲಿತ್ತು. ‘ಅಕ್ಕಂಗೆ ಕಳ್ಸಿವ್ನಿ, ಅಕ್ಕ ಬತ್ತದೆ’ ಅಂದ್ಲು. ಬಾಗಿಲು ನೋಡ್ತಾ ಕುಂತಿದ್ಲು ಕಣಕ್ಕಾ. ನೀನ್ ಬತ್ತೀಯ ಅಂತ ಬಾಗಿಲೇ ನೋಡ್ತಾ ಕುಂತಿದ್ಲು.”

ಕಮಲಾಕ್ಷಿಗೆ ಅಳು ಬಂತು, ಅಳುವುದಕ್ಕೂ ನಾಚಿಕೆಯಾಯಿತು.

“ಸೈನ್ ಹಾಕ್ತೀಯಾ ನಾಳೆ?” ಕೇಳಿದಳು ಯಶೋದೆ.

“ಇಲ್ಲ.”

“ಹಾಕ್ಲಿಲ್ಲ ಅಂದ್ರೆ ನಿನ್ನೇ ಬಿಡ್ತಾರಾ? ಹೆಸರು ಆಗ್ಲೇ ಬರ್ಕೊಂಡವ್ರೆ.” ಯಶೋದೆ ಎದ್ದು ಮೈಮೇಲಿನ ದಾರದ ಚೂರುಗಳನ್ನು ಕೊಡವಿಕೊಂಡಳು. “ನಂಗೆ ಲೈನ್ ಸುರುವಾಯ್ತದೆ,” ಅಂತ ಹೊರಟುಹೋದಳು.

ಅವತ್ತು ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕಮಲಾಕ್ಷಿ ಕಂಪನಿ ಫೋನು ತೆರೆದಳು. ಎರಡು ವಾರದಿಂದ ಆ ಮೆಸೇಜಿನ ಕಡೆಗೆ ಬೆರಳು ಹೋಗದಂತೆ ನೋಡಿಕೊಂಡಿದ್ದಳು. ಸರಿಸುತ್ತಾ ಸರಿಸುತ್ತಾ ಸಿಕ್ಕಿತು. ಅದರ ಕೆಳಗಿರುವುದನ್ನೂ ನೋಡಿದಳು. ಆಮೇಲೆ ಆಫೀಸಿನವರ ಮೆಸೇಜಿನ ಗುಂಪು ತೆರೆದಳು. ಅವತ್ತು ಕೋಮಲಳ ಮೆಸೇಜಿನ ಚಿತ್ರ ತೆಗೆದು ತಾನೇ ಆ ಗುಂಪಿಗೆ ಹಾಕಿದ್ದಳು, ‘ಇವತ್ತಿನ ಜೋಕು’ ಅಂತ. ಮ್ಯಾನೇಜರು, ಸ್ಟೋರಿನವರು, ವೆಂಕಟಾಚಲ, ಎಲ್ಲರೂ ಇರುವ ಗುಂಪು. ಚಿತ್ರದ ಕೆಳಗೆ ಯಾರ್ಯಾರು ನಕ್ಕಿದ್ದರು ಅನ್ನುವುದು ಸಾಲಾಗಿ ಹಾಗೇ ಇತ್ತು. ವೆಂಕಟಾಚಲ ಮೂರು ನಗುವ ಮುಖ ಹಾಕಿದ್ದ. ಎರಡೂ ನಲವತ್ತಾರಕ್ಕೆ.

ಗೊತ್ತಿರಲಿಲ್ಲವಂತೆ! ಗೊತ್ತಿದ್ದರೆ ಗಾಡಿ ಮಾಡಿ ಕಳಿಸುತ್ತಿದ್ದನಂತೆ! ಆದರೆ ಇದನ್ನು ತೋರಿಸಬೇಕಾದರೆ ಮೊದಲು ತೋರಬೇಕಾದ್ದು ತನ್ನ ಮುಖವೇ. ಆ ಗುಂಪಿಗೆ ಹಾಕಿದವಳು ತಾನು, ಜೋಕು ಅಂದವಳು ತಾನು. ಅಳಿಸಿಬಿಟ್ಟರೆ ಮುಗಿಯಿತು, ಒಂದು ಬೆರಳು ಒತ್ತಿದರೆ ಸಾಕು. ಹೊಂಗೆಮರಗಳು ಹಿಂದೆ ಹಿಂದೆ ಓಡುತ್ತಿದ್ದವು. ಅವಳು ಬೆರಳನ್ನು ಅಲ್ಲೇ ಇಟ್ಟುಕೊಂಡು ಊರು ಬರುವ ತನಕ ಕೂತಿದ್ದಳು, ಅಳಿಸಲಿಲ್ಲ.

ಮರುದಿನ ಹನ್ನೊಂದಕ್ಕೆ ಮೀಟಿಂಗ್ ರೂಮು. ಮೇಜಿನ ಆಚೆ ಪದ್ಮಜಾ ಮೇಡಂ, ಕನ್ನಡಕದ ಹೆಂಗಸು, ನಡುವಯಸ್ಸು, ಮುಖದಲ್ಲಿ ಏನೂ ಓದಲಾಗದು. ಅವರ ಎಡಕ್ಕೆ ಸುದರ್ಶನ, ಬಲಕ್ಕೆ ವೆಂಕಟಾಚಲ, ಇಸ್ತ್ರಿ ಶರ್ಟು ಹಾಕಿಕೊಂಡು. ಗೋಡೆಗೆ ಒರಗಿ ಯಶೋದೆ ನಿಂತಿದ್ದಳು. ಕೂರು ಅಂತ ಯಾರೂ ಅವಳಿಗೆ ಅಂದಿರಲಿಲ್ಲ.

ಸುದರ್ಶನ ಹಾಳೆ ಮುಂದೆ ಸರಿಸಿದ. ಅಚ್ಚುಕಟ್ಟಾಗಿ ಟೈಪಾಗಿತ್ತು. ‘ಸದರಿ ದೂರಿನ ಬರಹದ ಶೈಲಿಯು ಯಶೋದ ಅವರದೆಂದು ನಾನು ಖಚಿತವಾಗಿ ಗುರುತಿಸುತ್ತೇನೆ.’ ಕೆಳಗೆ ಕಮಲಾಕ್ಷಿಯ ಹೆಸರು, ಸಹಿಗೆ ಜಾಗ. ಪೆನ್ನಿನ ಮುಚ್ಚಳ ತೆಗೆದೇ ಇಟ್ಟಿದ್ದ.

“ಇವ್ರು ಕಂಡುಹಿಡಿಯೋದ್ರಲ್ಲಿ ಎಕ್ಸ್‌ಪರ್ಟು ಮೇಡಂ,” ಅಂದ. “ಇಡೀ ಫ್ಯಾಕ್ಟರಿಗೆ ಗೊತ್ತು. ಒಂದ್ಸಲಾನೂ ತಪ್ಪಿಲ್ಲ.”

ಕಮಲಾಕ್ಷಿ ಪೆನ್ನು ಮುಟ್ಟಲಿಲ್ಲ. “ಮೇಡಂ, ಒಂದ್ನಿಮಿಷ,” ಅಂದಳು. ಕಂಪನಿ ಫೋನು ತೆಗೆದು, ನಿಂತಲ್ಲೇ ಏನೋ ಹೊಡೆಯತೊಡಗಿದಳು. ಸುದರ್ಶನ ಕೆಮ್ಮಿದ. ಅವಳು ತಲೆ ಎತ್ತಲಿಲ್ಲ. ಮುಗಿಸಿ ಫೋನನ್ನು ಮೇಡಂ ಮುಂದಿಟ್ಟಳು.

ಒಂದೇ ಮಾತು, ‘ನಾಳೆ ಕೆಲಸಕ್ಕೆ ಬರಲ್ಲ ಅಕ್ಕ, ಅಮ್ಮನಿಗೆ ಹುಷಾರಿಲ್ಲ’ ಅಂತ. ಅದನ್ನೇ ಐದು ಸಲ ಬರೆದಿದ್ದಳು. ಐದೂ ಐದು ತರ.

“ಮೊದಲ್ನೇದು ಜಯಶೀಲಂದು ಮೇಡಂ. ಎರಡ್ನೇದು ಪುಟ್ಟತಾಯಮ್ಮಂದು. ಮೂರ್ನೇದು ಕಟಿಂಗಿನ ನಸೀಮಾದು. ನಾಲ್ಕ್ನೇದು ಯಶೋದಂದು. ಚುಕ್ಕಿ ನೋಡಿ, ಆ ‘Kelsey’ ನೋಡಿ, ನಿಮ್ ಕೈಲಿರೋ ಹಾಳೇಲಿ ಹೆಂಗಿದ್ಯೋ ಹಂಗೇ ಇದೆ. ಐದನೇದು ನಮ್ ಸುದರ್ಶನ್ ಸಾರ್ದು. ಅವ್ರು ಎಲ್ಲಾನೂ ಸಣ್ಣಕ್ಷರದಲ್ಲೇ ಬರೀತಾರೆ, ಕೊನೇಲಿ ‘ok na’ ಅಂತಾರೆ. ಐದೂ ನಾನೇ ಬರ್ದಿದ್ದು, ನಿಮ್ಮೆದುರಿಗೇ. ಯಾರ್ ತರ ಬೇಕಾದ್ರೂ ಯಾರ್ ಬೇಕಾದ್ರೂ ಬರೀಬೋದು ಮೇಡಂ. ಆ ಫೋನಿನ ತಪ್ಪಂತೂ ಯಶೋದಂದೇ ಅಲ್ಲ, ಆ ತರದ ಫೋನಿರೋ ಎಷ್ಟೋ ಜನಕ್ಕೆ ‘ಕೆಲ್ಸ’ ಅಂದ್ರೆ ಹಂಗೇ ಬರ್ತದೆ. ನಾನು ನೆನ್ನೆ ಹೇಳಿದ್ದು ಆಟಕ್ಕೆ. ಊಟದ್ ಹೊತ್ತಲ್ಲಿ ಆಡೋ ಆಟ ಅದು. ಆಟದ್ ಮಾತಿಗೆ ನಾನು ಸೈನ್ ಹಾಕಲ್ಲ.”

ಮೇಡಂ ಐದೂ ಸಾಲು ಓದಿದರು. ಹಾಳೆ ಪಕ್ಕಕ್ಕಿಟ್ಟು ಮತ್ತೆ ಓದಿದರು. ಯಶೋದೆ ಗೋಡೆಯಿಂದ ಬೆನ್ನು ಕಿತ್ತು ನೆಟ್ಟಗೆ ನಿಂತಳು.

“ಹಾಗಾದ್ರೆ ಯಾರು ಬರೆದಿದ್ದು ಅಂತ ಗೊತ್ತಿಲ್ಲ ಅಂತೀರಿ,” ಅಂದರು ಮೇಡಂ.

“ಯಾರಾದ್ರೂ ಆಗ್ಲಿ ಮೇಡಂ. ಬರ್ದಿರೋದು ದಿಟ.”

“ಅಲ್ರೀ, ಏನ್ ಮಾತಾಡ್ತಿದೀರಾ?” ವೆಂಕಟಾಚಲ ಕುರ್ಚಿಯಿಂದ ಅರ್ಧ ಎದ್ದ. “ಏನ್ ದಿಟ? ನಂಗೆ ಯಾರ್ ಹೇಳಿದ್ರು? ಆ ಹುಡ್ಗಿ ಸುಮ್ನೆ ಎದ್ದೆದ್ದು ನಿಂತ್ಕೋತಿತ್ತು. ಹುಷಾರಿಲ್ಲ ಅಂತ ಒಂದ್ ಮಾತು ಹೇಳ್ಬೇಕಲ್ವಾ ಬಾಯ್ಬಿಟ್ಟು?”

ಇಂಥ ಮಾತು ಕೇಳಿದ ಮೇಲೂ ತಡೆದುಕೊಳ್ಳುವುದು ಹೇಗೆ? ಕಮಲಾಕ್ಷಿ ಫೋನು ವಾಪಸು ತೆಗೆದುಕೊಂಡು ಆಫೀಸಿನ ಗುಂಪು ತೆರೆದಳು. ಎರಡು ಸಲ ಬೇರೆ ಎಲ್ಲೋ ಒತ್ತಿಹೋಯಿತು.

“ಹೇಳಿದ್ಲು ವೆಂಕಟಾಚಲ,” ಅಂದಳು. ಇಷ್ಟು ವರ್ಷದಲ್ಲಿ ಮೊದಲ ಸಲ ‘ಸಾರ್’ ಬಿಟ್ಟಿದ್ದಳು. “ನಂಗೆ ಹೇಳಿದ್ಲು. ನಾನು ನಿಂಗ್ ಹೇಳ್ದೆ. ನೀನು ನಕ್ಕೆ. ಇಲ್ಲಿದೆ ನೋಡಿ ಮೇಡಂ. ಎರಡೂ ನಲವತ್ತಾರು.”

ಮೇಡಂ ಫೋನು ಹತ್ತಿರ ಹಿಡಿದುಕೊಂಡು ನೋಡಿದರು. ಸುದರ್ಶನ ಕತ್ತು ಚಾಚಿ, ಗುಂಪಿನ ಹೆಸರು ಕಂಡು, ಕತ್ತು ಹಿಂದಕ್ಕೆಳೆದುಕೊಂಡ. ಆ ನಗುವ ಮುಖಗಳ ಸಾಲಿನಲ್ಲಿ ಅವನದೂ ಒಂದಿತ್ತು. ವೆಂಕಟಾಚಲ ಕೂತ.

“ಇದು ಚಿತ್ರ,” ಅಂದರು ಮೇಡಂ. “ಮೂಲದ್ದು ಇದೆಯಾ? ಆ ಹುಡುಗಿ ಕಳಿಸಿದ್ದು?”

ಇದೆ ಅಂದಳು. ತೆರೆದು ಕೊಟ್ಟಳು. ಮೇಡಂ ಗಟ್ಟಿಯಾಗಿ ಓದಿದರು, ಒಂದೊಂದೇ ಪದ ಕೂಡಿಸಿಕೊಂಡು. ಇಂಗ್ಲಿಷ್ ಅಕ್ಷರದ ಕನ್ನಡವನ್ನು ಎಲ್ಲರೂ ಓದುವುದು ಹಾಗೇ, ಬಾಯಲ್ಲಿ ಆಡಿದ ಮೇಲೇ ಅರ್ಥವಾಗುವುದು. “ಅಕ್ಕ... ಹೋಟೆಲ್ ನೋವು... ತುಂಬ ಇದೆ... ಕಳ್ಸಿ ಪ್ಲೀಸ್...”

ಹೊಟ್ಟೆ ಅಂತ ಒತ್ತಿದ್ದನ್ನು ಫೋನು ಹೋಟೆಲ್ ಮಾಡಿತ್ತು. ಒಂದೇ ಕೈ, ಬಟ್ಟೆಯಡಿಯ ಕತ್ತಲು, ತಿದ್ದಲು ಅವಳಿಗೆ ಎಲ್ಲಿತ್ತು ಪುರುಸೊತ್ತು? ಓದಿದ ಮೇಡಂ ತುಟಿಯ ಒಂದು ಕೊನೆ ಅವರಿಗೇ ಗೊತ್ತಿಲ್ಲದಂತೆ ಮೇಲೆದ್ದಿತು. ತಕ್ಷಣ ಎಚ್ಚೆತ್ತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮುಖ ಕಪ್ಪಿಟ್ಟಿತು.

“ನಗು ಬರ್ತದೆ ಮೇಡಂ,” ಅಂದಳು ಕಮಲಾಕ್ಷಿ. “ನಂಗೂ ಬಂತು. ನಿಮಗಾದ್ರೂ ನಿಂತ್ಕೊಂತು.”

ಮಿಷನ್ನುಗಳ ಸದ್ದು ನೆಲದೊಳಗಿಂದ ಬಂದಂತೆ ಕೇಳುತ್ತಿತ್ತು. ಮೇಡಂ ತಮ್ಮ ಪುಸ್ತಕ ತೆಗೆದು ಮೆಸೇಜು ಬಂದ ಹೊತ್ತನ್ನು ಬರೆದುಕೊಂಡರು. ಸುದರ್ಶನ ಟೈಪು ಮಾಡಿಸಿದ್ದ ಹಾಳೆಯನ್ನು ಅವನಿಗೇ ವಾಪಸು ಸರಿಸಿದರು. “ಇದು ಬೇಕಾಗಿಲ್ಲ,” ಅಂದರು. ಯಶೋದೆಯ ಕಡೆ ತಿರುಗಿ, “ನೀವು ನಿಮ್ಮ ಲೈನಿಗೆ ಹೋಗಿ,” ಅಂದರು.

ಯಶೋದೆ ಹೋಗಲಿಲ್ಲ. ಬಾಗಿಲಿನ ತನಕ ಹೋಗಿ ಅಲ್ಲೇ ನಿಂತಳು.

“ಎರಡೂ ನಲವತ್ತಕ್ಕೆ ಮೆಸೇಜು ಬಂತು,” ಮೇಡಂ ಕಮಲಾಕ್ಷಿಯನ್ನು ಕೇಳಿದರು. “ನೋಡಿದ ಮೇಲೆ ನೀವು ಏನು ಮಾಡಿದ್ರಿ?”

“ಚಿತ್ರ ತೆಗೆದು ಗುಂಪಿಗೆ ಹಾಕ್ದೆ.”

“ಆಮೇಲೆ?”

“ಸ್ಟೋರಿನವ್ರು ಬಂದ್ರು, ಅವ್ರಿಗೆ ಓದಿ ಹೇಳ್ದೆ. ಅವ್ರೂ ನಕ್ರು. ಯಾರ್ಯಾರು ನಗ್ತಾರೆ ಅಂತ ಗುಂಪು ನೋಡ್ತಾ ಕುಂತಿದ್ದೆ.”

“ಫ್ಲೋರಿಗೆ ಹೋಗ್ಲಿಲ್ವಾ?”

“ಹೋಗಣ ಅಂತಲೇ ಇತ್ತು ಮೇಡಂ. ಹೋಗ್ಲಿಲ್ಲ.”

“ನೀವು ಹೇಳ್ತಿರೋದನ್ನ ನಾನು ಬರ್ಕೋತೀನಿ. ನಿಮ್ಮ ಮೇಲೂ ಕ್ರಮ ಆಗತ್ತೆ. ಗೊತ್ತಿದೆಯಲ್ಲ?”

“ಗೊತ್ತು. ಬರ್ಕೊಳ್ಳಿ. ಅದಕ್ಕೆ ಸೈನ್ ಹಾಕ್ತೀನಿ.”

ಮೇಡಂ ಬರೆದರು. ಬರೆಯುತ್ತಾ, ಕೋಮಲಳ ಮೆಸೇಜನ್ನು ಇನ್ನೊಮ್ಮೆ ನೋಡಲೆಂದು ಫೋನಿನ ಮೇಲೆ ಬೆರಳಾಡಿಸಿದರು. ಅದು ಸ್ವಲ್ಪ ಮೇಲೆ ಸರಿಯಿತು, ಕೆಳಗೆ ಇನ್ನೊಂದು ಕಾಣಿಸಿತು. ಒಂದೇ ಪದ. ‘akka’. ಎರಡೂ ಐವತ್ತೆಂಟು.

“ಇದು?”

“ಅದೂ ಅವಳದೇ.”

“ಇದಕ್ಕೂ ನಕ್ಕಿದ್ರಾ?”

ಕಮಲಾಕ್ಷಿ ಬಾಗಿಲಲ್ಲಿದ್ದ ಯಶೋದೆಯನ್ನು ನೋಡಿದಳು. ಮತ್ತೆ ಫೋನನ್ನು ನೋಡಿದಳು.

“ಇಲ್ಲ ಮೇಡಂ,” ಅಂದಳು. “ಅದನ್ನ ಅವತ್ತು ನಾನು ತೆಗೀಲೇ ಇಲ್ಲ. ಬಂದದ್ದು ಕಾಣಿಸ್ತು. ಬರೀ ಅಕ್ಕ ಅಂತಿತ್ತು. ಅದ್ರಲ್ಲಿ ತಮಾಷೆ ಏನೂ ಇರ್ಲಿಲ್ಲ.”